ಆಟಗಾರರ ವೇಗ ಲೆಕ್ಕ ಹಾಕುವ ಮೊದಲು ಟ್ರ್ಯಾಕಿಂಗ್ ಡೇಟಾ ನಯ ಮಾಡುವುದು: ಯಾವ ಫಿಲ್ಟರ್, ಎಷ್ಟು ಅಗಲ?

ಫುಟ್ಬಾಲ್ ಪಂದ್ಯದ ಟ್ರ್ಯಾಕಿಂಗ್ ಡೇಟಾ ಕೈಗೆ ಸಿಕ್ಕ ಕೂಡಲೇ ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ. ಈ ಫ್ರೇಮಿನ ಸ್ಥಾನದಿಂದ ಹಿಂದಿನ ಫ್ರೇಮಿನ ಸ್ಥಾನ ಕಳೆಯುವುದು, ಸಮಯದಿಂದ ಭಾಗಿಸುವುದು, ವೇಗ ಬಂತು ಅನ್ನುವುದು. ಅದನ್ನೇ ಇನ್ನೊಂದು ಸಲ ಮಾಡಿದರೆ ವೇಗೋತ್ಕರ್ಷ. ಗ್ರಾಫ್ ಹಾಕಿ ನೋಡಿದಾಗ ಗೋಲ್‌ಕೀಪರ್ ನಿಂತಲ್ಲೇ ಸೆಕೆಂಡಿಗೆ ಎರಡು ಮೀಟರ್ ಓಡುತ್ತಿರುತ್ತಾನೆ!

ಯಾಕೆ ಹೀಗೆ ಅನ್ನುವುದಕ್ಕೆ ಲೆಕ್ಕ ಸರಳವಾಗಿದೆ. ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಕ್ಯಾಮೆರಾ ಡೇಟಾ ಸೆಕೆಂಡಿಗೆ 25 ಫ್ರೇಮ್, ಅಂದರೆ ಎರಡು ಫ್ರೇಮ್‌ಗಳ ನಡುವೆ 0.04 ಸೆಕೆಂಡ್. ಸ್ಥಾನದಲ್ಲಿರುವ ತಪ್ಪು ಪ್ರತಿ ದಿಕ್ಕಿನಲ್ಲೂ ಸುಮಾರು 5 ಸೆಂ.ಮೀ. ಮಾನಕ ವಿಚಲನೆಯ ನಾಯ್ಸ್ ಎಂದಿಟ್ಟುಕೊಳ್ಳಿ. ಒಂದು ಫ್ರೇಮಿನ ತಪ್ಪಿಗೂ ಮುಂದಿನದಕ್ಕೂ ಸಂಬಂಧ ಇಲ್ಲ ಎಂದೂ ಇಟ್ಟುಕೊಳ್ಳಿ. 105 ಮೀಟರ್ ಉದ್ದದ ಮೈದಾನದಲ್ಲಿ 5 ಸೆಂ.ಮೀ. ಅಂದರೆ ತುಂಬ ಒಳ್ಳೆಯ ನಿಖರತೆಯೇ. ಆದರೆ ಪಕ್ಕಪಕ್ಕದ ಎರಡು ಫ್ರೇಮ್ ಕಳೆದಾಗ ಆ ತಪ್ಪು √2 ಪಟ್ಟು ಆಗಿ, 0.04ರಿಂದ ಭಾಗವಾಗಿ, ವೇಗದಲ್ಲಿ 1.77 ಮೀ/ಸೆ ನಾಯ್ಸ್ ಆಗುತ್ತದೆ. ಮುಂದಿನ ಮತ್ತು ಹಿಂದಿನ ಫ್ರೇಮ್ ಕಳೆದು 0.08ರಿಂದ ಭಾಗಿಸಿದರೆ ಸ್ವಲ್ಪ ವಾಸಿ, 0.88 ಮೀ/ಸೆ. ವೇಗೋತ್ಕರ್ಷಕ್ಕೆ ಬಂದರೆ 0.04ರ ವರ್ಗದಿಂದ ಭಾಗಿಸಬೇಕು. ಅಲ್ಲಿ ನಾಯ್ಸ್ 77 ಮೀ/ಸೆ² ತಲುಪುತ್ತದೆ. ಮನುಷ್ಯ ಗಟ್ಟಿಯಾಗಿ ಬ್ರೇಕ್ ಹಾಕಿದರೂ ಆರೇಳು ಮೀ/ಸೆ² ದಾಟುವುದು ಕಷ್ಟ. ನಿಜವಾದ ಸಂಗತಿ ನಾಯ್ಸಿನ ಹತ್ತನೇ ಒಂದು ಭಾಗವೂ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಕಳ್ಳ. x, y ದಿಕ್ಕಿನ ವೇಗಗಳಾದ vx, vy ಎರಡರಲ್ಲೂ ನಾಯ್ಸ್ ಪ್ಲಸ್ಸೂ ಇರುತ್ತದೆ, ಮೈನಸ್ಸೂ ಇರುತ್ತದೆ. ಆದರೆ ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದ ಕೂಡಲೇ ಎಲ್ಲವೂ ಪ್ಲಸ್ ಆಗುತ್ತದೆ. 0.88 ಮೀ/ಸೆ ನಾಯ್ಸ್ ಇದ್ದರೆ ಪೂರ್ತಿ ನಿಂತಿರುವ ಆಟಗಾರನ ಸರಾಸರಿ ವೇಗ 1.1 ಮೀ/ಸೆ ಎಂದು ಬರುತ್ತದೆ. 90 ನಿಮಿಷ ನಿಂತೇ ಇದ್ದರೂ ಅವನು 6 ಕಿಲೋಮೀಟರ್ ಓಡಿದ ಲೆಕ್ಕ. 5 ಮೀ/ಸೆ ವೇಗದಲ್ಲಿ ಓಡುವವನಿಗೆ ಇದೇ ನಾಯ್ಸ್ ಸೇರಿಸುವುದು 0.08 ಮೀ/ಸೆ ಅಷ್ಟೇ. ಅಂದರೆ ಈ ತಪ್ಪು ನಿಲ್ಲುವ, ನಡೆಯುವ ಹೊತ್ತಿನಲ್ಲೇ ಜಾಸ್ತಿ. ಹಾಗಾಗಿ ನಯ ಮಾಡುವುದಿದ್ದರೆ x, y ಅಥವಾ vx, vy ಮೇಲೆ ಮಾಡಬೇಕು. ಒಟ್ಟು ವೇಗ ಲೆಕ್ಕ ಹಾಕಿ ಆಮೇಲೆ ಅದನ್ನು ನಯ ಮಾಡಿದರೆ ಗೆರೆ ಚೆಂದ ಕಾಣುತ್ತದೆ, ಆದರೆ ಆ 1.1 ಮೀ/ಸೆ ಹಾಗೇ ಒಳಗೆ ಉಳಿದಿರುತ್ತದೆ.

ಫಿಲ್ಟರ್ ಮುಟ್ಟುವ ಮೊದಲು ಎರಡು ಪರೀಕ್ಷೆ

ಮೊದಲನೆಯದು, ಕೈಗೆ ಬಂದ ಡೇಟಾ ಆಗಲೇ ನಯ ಆಗಿದೆಯಾ ಅನ್ನುವುದು. ಎಷ್ಟೋ ಸಲ ಟ್ರ್ಯಾಕಿಂಗ್ ಕಂಪನಿಯವರೇ ಒಂದು ಸುತ್ತು ಫಿಲ್ಟರ್ ಮಾಡಿ ಕೊಟ್ಟಿರುತ್ತಾರೆ. ಅದರ ಮೇಲೆ ನಾವು ಇನ್ನೊಂದು ಹಾಕಿದರೆ ಗಟ್ಟಿ ಬ್ರೇಕು, ಚುರುಕು ತಿರುವು ಎಲ್ಲ ಕರಗಿಹೋಗುತ್ತದೆ. ತಿಳಿಯುವುದು ಸುಲಭ. ಚೆಂಡು ಆ ಕಡೆಯ ಪೆನಾಲ್ಟಿ ಬಾಕ್ಸಿನಲ್ಲಿದ್ದಾಗ ಈ ಕಡೆಯ ಗೋಲ್‌ಕೀಪರ್ ಸುಮ್ನೆ ನಿಂತಿರುವ ಕೆಲವು ಸೆಕೆಂಡ್ ಆರಿಸಿಕೊಳ್ಳಿ. ಅವನ x ಸ್ಥಾನದ ಫ್ರೇಮಿನಿಂದ ಫ್ರೇಮಿಗೆ ವ್ಯತ್ಯಾಸ ತೆಗೆಯಿರಿ. ಆ ವ್ಯತ್ಯಾಸಗಳ ಸಾಲನ್ನು ಒಂದು ಫ್ರೇಮ್ ಸರಿಸಿ ಅದರ ಜೊತೆಗೇ ಪರಸ್ಪರ ಸಂಬಂಧ ಲೆಕ್ಕ ಹಾಕಿ. ಹಸಿ ನಾಯ್ಸ್ ಆಗಿದ್ದರೆ ಉತ್ತರ −0.5ರ ಹತ್ತಿರ ಬರುತ್ತದೆ. ಯಾಕೆಂದರೆ ಒಂದು ಫ್ರೇಮ್ ಸುಳ್ಳಾಗಿ ಮುಂದೆ ಹೋದರೆ ಮುಂದಿನ ವ್ಯತ್ಯಾಸ ಹಿಂದಕ್ಕೆ ಬರಲೇಬೇಕು. ಉತ್ತರ ಪ್ಲಸ್ ಆಗಿದ್ದರೆ, ಅದರಲ್ಲೂ 0.8, 0.9 ಎಂದು ಬಂದರೆ, ಡೇಟಾ ಆಗಲೇ ನಯ ಆಗಿದೆ. ಆಗ ಕೆಳಗೆ ಬರುವ ನಾಯ್ಸಿನ ಅಂಕಿಗಳು ನಿಮಗೆ ಹೊಂದುವುದಿಲ್ಲ. ನಿಮ್ಮ ಫಿಲ್ಟರ್ ಹಗುರವಾಗಿರಲಿ, ಅಥವಾ ಬೇಡವೇ ಬೇಡ.

ಹಸಿ ಡೇಟಾ ಆಗಿದ್ದರೆ ಇದೇ ತುಣುಕಿನಿಂದ ನಿಮ್ಮ ನಾಯ್ಸ್ ಎಷ್ಟು ಅಂತಲೂ ಸಿಗುತ್ತದೆ: ವ್ಯತ್ಯಾಸಗಳ ಮಾನಕ ವಿಚಲನೆಯನ್ನು √2ರಿಂದ ಭಾಗಿಸಿದರೆ ಆಯಿತು. x ಮತ್ತು y ಎರಡಕ್ಕೂ ಬೇರೆ ಬೇರೆ ಮಾಡಿ. ಕ್ಯಾಮೆರಾಗಳು ಒಂದೇ ಸ್ಟ್ಯಾಂಡಿನ ಮೇಲಿದ್ದರೆ, ಕ್ಯಾಮೆರಾದಿಂದ ದೂರ ಹೋಗುವ ದಿಕ್ಕಿನಲ್ಲಿ ಒಂದು ಪಿಕ್ಸೆಲ್ ಜಾಸ್ತಿ ನೆಲ ಆವರಿಸುತ್ತದೆ. ಆ ದಿಕ್ಕಿನ ನಾಯ್ಸೂ ಜಾಸ್ತಿ ಇರುತ್ತದೆ.

ಎರಡನೆಯದು ಜಿಗಿತ. ಕಾರ್ನರ್ ಕಿಕ್ ಹೊತ್ತಿಗೆ ಇಬ್ಬರು ಆಟಗಾರರು ಒಬ್ಬರ ಹಿಂದೆ ಒಬ್ಬರು ಬಂದಾಗ ಟ್ರ್ಯಾಕರ್ ಇಬ್ಬರ ಗುರುತನ್ನು ಅದಲುಬದಲು ಮಾಡುತ್ತದೆ. ಆಗ ಒಂದೇ ಫ್ರೇಮಿನಲ್ಲಿ ಆಟಗಾರ 1.5 ಮೀಟರ್ ಹಾರುತ್ತಾನೆ. ಹಸಿ ಲೆಕ್ಕದಲ್ಲಿ ಅದು 37.5 ಮೀ/ಸೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮುಟ್ಟಿದ ಗರಿಷ್ಠ ವೇಗವೇ 12 ಮೀ/ಸೆ ಚಿಲ್ಲರೆ. ಹಾಗಾಗಿ 12ಕ್ಕಿಂತ ಮೇಲಿನದನ್ನು ತೆಗೆದುಹಾಕು ಅನ್ನುವ ಸರಳ ನಿಯಮ ಇದನ್ನು ಹಿಡಿಯುತ್ತದೆ. ಆದರೆ ನಯ ಮಾಡುವ ಮೊದಲೇ ಹಿಡಿಯಬೇಕು. ಮೊದಲು 13 ಫ್ರೇಮಿನ ಫಿಲ್ಟರ್ ಹಾಕಿಬಿಟ್ಟರೆ ಆ ಜಿಗಿತ ಅರ್ಧ ಸೆಕೆಂಡಿಗೆ ಹರಡಿ, 4.3 ಮೀ/ಸೆ ವೇಗದ ಒಂದು ಓಟದ ಹಾಗೆ ಕಾಣುತ್ತದೆ. 12ರ ನಿಯಮ ಅದನ್ನು ಮುಟ್ಟುವುದೂ ಇಲ್ಲ. ನೋಡುವವರಿಗೆ ಅನುಮಾನವೂ ಬರುವುದಿಲ್ಲ.

ಜಿಗಿತ ಸಿಕ್ಕಾಗ ಆ ಒಂದು ಫ್ರೇಮನ್ನು ಮಾತ್ರ ಅಳಿಸುವುದು ಸಾಲದು. ಅದಲುಬದಲು ಆದ ಮೇಲೆ ಸರಿಹೋಗುವವರೆಗೆ ಇನ್ನೊಬ್ಬನ ಸ್ಥಾನವೇ ಇರುತ್ತದೆ. ಹಾಗಾಗಿ ಅಲ್ಲಿ ಸಾಲನ್ನು ಎರಡು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆಯಾಗಿ ಫಿಲ್ಟರ್ ಹಾಕುವುದು ಸುರಕ್ಷಿತ. ಮೊದಲಾರ್ಧ, ದ್ವಿತೀಯಾರ್ಧವನ್ನೂ ಹೀಗೇ ಬೇರೆ ಇಡಬೇಕು. ಇಲ್ಲದಿದ್ದರೆ ಮಧ್ಯಂತರದ ಜಿಗಿತ ಎಲ್ಲರಿಗೂ ಒಂದೊಂದು ಸುಳ್ಳು ಓಟ ಕೊಡುತ್ತದೆ.

ಚಲಿಸುವ ಸರಾಸರಿ, ಮತ್ತು ಒಂದು ತಮಾಷೆ

ಎಲ್ಲಕ್ಕಿಂತ ಸರಳವಾದದ್ದು ಚಲಿಸುವ ಸರಾಸರಿ. ಅಕ್ಕಪಕ್ಕದ ಏಳೋ ಹದಿಮೂರೋ ಫ್ರೇಮ್ ಕೂಡಿಸಿ ಭಾಗಿಸುವುದು. ಆ ಫ್ರೇಮುಗಳ ಗುಂಪೇ ವಿಂಡೋ. ಒಟ್ಟು ಓಡಿದ ದೂರ, ಐದೈದು ನಿಮಿಷದ ಸರಾಸರಿ ವೇಗ ಇಷ್ಟೇ ಬೇಕಿದ್ದರೆ ಇದು ಸಾಕು. ವೇಗೋತ್ಕರ್ಷಕ್ಕೆ ಮಾತ್ರ ಇದು ಹೇಳಿ ಮಾಡಿಸಿದ್ದಲ್ಲ. 13 ಫ್ರೇಮಿನ ಸರಾಸರಿ ತೆಗೆದು ಆಮೇಲೆ ಎರಡು ಸಲ ವ್ಯತ್ಯಾಸ ತೆಗೆದರೆ ನಮ್ಮ ಉದಾಹರಣೆಯಲ್ಲಿ ಇನ್ನೂ 4.8 ಮೀ/ಸೆ² ನಾಯ್ಸ್ ಉಳಿಯುತ್ತದೆ. ವಿಂಡೋದ ಅಂಚು ಕತ್ತರಿಸಿದ ಹಾಗೆ ನೇರ ಇರುವುದೇ ಕಾರಣ. ಒಂದು ಕೆಟ್ಟ ಫ್ರೇಮ್ ವಿಂಡೋ ಒಳಗೆ ಬರುವಾಗ, ಹೊರಗೆ ಹೋಗುವಾಗ ಎರಡು ಸಲ ಒದೆ ಕೊಡುತ್ತದೆ.

ಟ್ರ್ಯಾಕಿಂಗ್ ಡೇಟಾ ಕಲಿಯುವವರಲ್ಲಿ ಬಹಳ ಜನ ಮೆಟ್ರಿಕಾ ಸ್ಪೋರ್ಟ್ಸ್ ಬಿಡುಗಡೆ ಮಾಡಿದ ಮಾದರಿ ಪಂದ್ಯಗಳಿಂದ ಶುರು ಮಾಡುತ್ತಾರೆ. ಅವು ಸೆಕೆಂಡಿಗೆ 25 ಫ್ರೇಮಿನವು. ಜೊತೆಗೆ ಲಾರಿ ಶಾ 2020ರಲ್ಲಿ ಹಂಚಿಕೊಂಡ `LaurieOnTracking` ಕೋಡ್ ಇರುತ್ತದೆ. ಅದರ `Metrica_Velocities.py` ಫೈಲಿನಲ್ಲಿ ನಯ ಮಾಡಲು ಎರಡು ಆಯ್ಕೆ ಇದೆ: ಸವಿಟ್ಸ್ಕಿ-ಗೊಲೇ ಮತ್ತು ಚಲಿಸುವ ಸರಾಸರಿ. ಡಿಫಾಲ್ಟ್ ಸವಿಟ್ಸ್ಕಿ-ಗೊಲೇ, `window=7`, `polyorder=1`. ತಮಾಷೆ ಏನೆಂದರೆ, `polyorder=1` ಅಂದರೆ ವಿಂಡೋ ಒಳಗಿನ ಬಿಂದುಗಳಿಗೆ ಒಂದು ನೇರ ಗೆರೆ ಹೊಂದಿಸಿ ಅದರ ನಡುವಿನ ಬೆಲೆ ತೆಗೆದುಕೊಳ್ಳುವುದು. ಸಮ ಅಂತರದ ಬಿಂದುಗಳಿಗೆ ಹೊಂದಿಸಿದ ನೇರ ಗೆರೆಯ ನಡುವಿನ ಬೆಲೆ ಆ ಬಿಂದುಗಳ ಸರಾಸರಿಯೇ. ಅಂದರೆ ತುದಿಯ ಮೂರು ಮೂರು ಫ್ರೇಮ್ ಬಿಟ್ಟರೆ ಎರಡೂ ಆಯ್ಕೆ ಒಂದೇ ಉತ್ತರ ಕೊಡುತ್ತವೆ. ಕೋಡಿನಲ್ಲಿ ತಪ್ಪೇನೂ ಇಲ್ಲ. ಮೈದಾನದ ನಕ್ಷೆಯ ಮೇಲೆ ವೇಗದ ಬಾಣ ಬಿಡಿಸಲು ಅದು ಚೆನ್ನಾಗೇ ಇದೆ. ಆದರೆ "ನಾವು ಸವಿಟ್ಸ್ಕಿ-ಗೊಲೇ ಬಳಸಿದ್ದೇವೆ" ಎಂದು ವರದಿಯಲ್ಲಿ ಬರೆದು, ಅದೇ ಡಿಫಾಲ್ಟಿನಿಂದ ವೇಗೋತ್ಕರ್ಷವನ್ನೂ ತೆಗೆದಿದ್ದರೆ, ಆ ಹೆಸರಿಗೆ ಅರ್ಥ ಇಲ್ಲ.

ಸವಿಟ್ಸ್ಕಿ-ಗೊಲೇ: ಹೇಗೆ ಕರೆಯುತ್ತೀರಿ ಅನ್ನುವುದೇ ಮುಖ್ಯ

ಇದು 1964ರಲ್ಲಿ ರಸಾಯನಶಾಸ್ತ್ರದವರ ಕೈಯಿಂದ ಬಂದದ್ದು. ಅವರಿಗೆ ಬೇಕಿದ್ದದ್ದು ರೋಹಿತದ ಶಿಖರಗಳ ಎತ್ತರ ಕೆಡದ ಹಾಗೆ ನಾಯ್ಸ್ ತೆಗೆಯುವುದು. ವಿಂಡೋ ಒಳಗಿನ ಬಿಂದುಗಳಿಗೆ ಒಂದು ವಕ್ರರೇಖೆ ಹೊಂದಿಸುವುದು, ನಡುವಿನ ಬಿಂದುವಿನಲ್ಲಿ ಅದರ ಬೆಲೆ ಓದುವುದು. ಬೆಲೆಯ ಬದಲು ಅದರ ಇಳಿಜಾರನ್ನೇ ಓದಬಹುದು. ಬಾಗುವಿಕೆಯನ್ನೂ ಓದಬಹುದು. ಅಂದರೆ ಸ್ಥಾನದ ಡೇಟಾದಿಂದ ವೇಗವನ್ನೂ ವೇಗೋತ್ಕರ್ಷವನ್ನೂ ನೇರವಾಗಿ ತೆಗೆಯಬಹುದು, ನಡುವೆ ವ್ಯತ್ಯಾಸ ತೆಗೆಯುವ ಹಂತವೇ ಬೇಡ.

ಈ ಹಂತ ಬಿಡುವುದು ಎಷ್ಟು ದೊಡ್ಡ ವಿಷಯ ಅನ್ನುವುದು ಅಂಕಿ ನೋಡಿದರೆ ತಿಳಿಯುತ್ತದೆ. 13 ಫ್ರೇಮ್, ಎರಡನೇ ಘಾತದ ವಕ್ರರೇಖೆ, ಅಂದರೆ `polyorder=2`. ಮೊದಲ ದಾರಿ: ಸ್ಥಾನ ನಯ ಮಾಡಿ, ಆಮೇಲೆ `np.diff` ಎರಡು ಸಲ. ನಾಯ್ಸ್ 7.7 ಮೀ/ಸೆ². ಎರಡನೇ ದಾರಿ: ಅದೇ ಫಿಲ್ಟರಿಗೆ `deriv=2` ಕೊಡುವುದು. ನಾಯ್ಸ್ 1.4 ಮೀ/ಸೆ². ಅದೇ ಡೇಟಾ, ಅದೇ ವಿಂಡೋ, ಅದೇ ಲೈಬ್ರರಿ, ಐದೂವರೆ ಪಟ್ಟು ವ್ಯತ್ಯಾಸ. ಮೊದಲ ದಾರಿಯಲ್ಲಿ ಸುಮ್ನೆ ಸರಾಸರಿ ತೆಗೆದದ್ದಕ್ಕಿಂತಲೂ ಕೆಟ್ಟ ಉತ್ತರ ಬಂತು, ಗಮನಿಸಿ. ಯಾಕೆಂದರೆ ಸ್ಥಾನಕ್ಕೆ ಬಳಸುವ ತೂಕಗಳು ಅಂಚಿನಲ್ಲಿ ಮೈನಸ್ಸಿಗೆ ಹೋಗಿ ಥಟ್ಟನೆ ನಿಲ್ಲುತ್ತವೆ. ಬೇಗ ಬೇಗ ಅಲುಗುವ ನಾಯ್ಸ್ ಸ್ವಲ್ಪ ಅಲ್ಲಿಂದ ನುಸುಳುತ್ತದೆ. ಸ್ಥಾನದ ಗ್ರಾಫಿನಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ಎರಡು ಸಲ ವ್ಯತ್ಯಾಸ ತೆಗೆದಾಗ ಅದೇ ನುಸುಳು ಹಿಗ್ಗಿ ನಿಲ್ಲುತ್ತದೆ.

```python
from scipy.signal import savgol_filter
dt = 1/25
vx = savgol_filter(x, 25, 2, deriv=1, delta=dt)
ax = savgol_filter(x, 19, 2, deriv=2, delta=dt)
```

`delta` ಮರೆತರೆ ವೇಗ 25 ಪಟ್ಟು, ವೇಗೋತ್ಕರ್ಷ 625 ಪಟ್ಟು ಚಿಕ್ಕದಾಗಿ ಬರುತ್ತದೆ. ಇದು ಬೇಗ ಸಿಕ್ಕಿಬೀಳುವ ತಪ್ಪು, ಹೆದರಬೇಕಿಲ್ಲ. ಘಾತದ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಡಿ. ವೇಗಕ್ಕೆ ಒಂದನೇ ಘಾತವೂ ಎರಡನೇ ಘಾತವೂ ಒಂದೇ ಉತ್ತರ ಕೊಡುತ್ತವೆ. ವೇಗೋತ್ಕರ್ಷಕ್ಕೆ ಎರಡೂ ಮೂರೂ ಒಂದೇ. ಅದಕ್ಕಿಂತ ಮೇಲೆ ಹೋದರೆ ನಾಯ್ಸ್ ವಾಪಸ್ ಬರುತ್ತದೆ.

ಉಳಿದದ್ದು ವಿಂಡೋ ಅಗಲ. ಇಲ್ಲೇ ನಿಜವಾದ ಚೌಕಾಸಿ ಇರುವುದು. ಒಬ್ಬ ವಿಂಗರ್ 7 ಮೀ/ಸೆ ವೇಗದಲ್ಲಿ ಬಂದು ಥಟ್ಟನೆ ಬ್ರೇಕ್ ಹಾಕುತ್ತಾನೆ ಅನ್ನಿ. ಬ್ರೇಕ್ 0.6 ಸೆಕೆಂಡ್ ಇರುತ್ತದೆ, ಅರ್ಧ ಸೈನ್ ಅಲೆಯ ಆಕಾರದಲ್ಲಿ ಏರಿ ಇಳಿಯುತ್ತದೆ, ಶಿಖರ 6 ಮೀ/ಸೆ². ಕೊನೆಗೆ ಅವನ ವೇಗ 4.7ಕ್ಕೆ ಇಳಿದಿರುತ್ತದೆ. ಇದನ್ನೇ `deriv=2` ಬಳಸಿ ಬೇರೆ ಬೇರೆ ಅಗಲದಲ್ಲಿ ನೋಡಿದರೆ ಹೀಗೆ ಬರುತ್ತದೆ:

| ವಿಂಡೋ | ಸಮಯ | ವೇಗೋತ್ಕರ್ಷದ ನಾಯ್ಸ್ | 6 ಮೀ/ಸೆ² ಬ್ರೇಕ್ ಕಾಣುವುದು |
|---|---|---|---|
| 7 ಫ್ರೇಮ್ | 0.28 ಸೆ | 6.8 ಮೀ/ಸೆ² | ಸುಮಾರು 5.8 |
| 13 ಫ್ರೇಮ್ | 0.52 ಸೆ | 1.4 ಮೀ/ಸೆ² | ಸುಮಾರು 5.2 |
| 19 ಫ್ರೇಮ್ | 0.76 ಸೆ | 0.54 ಮೀ/ಸೆ² | ಸುಮಾರು 4.5 |
| 25 ಫ್ರೇಮ್ | 1 ಸೆ | 0.27 ಮೀ/ಸೆ² | ಸುಮಾರು 3.8 |

ಏಳು ಫ್ರೇಮಿನಲ್ಲಿ ಶಿಖರ ಉಳಿದಿದೆ, ಆದರೆ ನಾಯ್ಸ್ ಅದಕ್ಕಿಂತ ಎತ್ತರ ಇದೆ. ಅದು ಉಳಿದರೂ ಒಂದೇ, ಬಿಟ್ಟರೂ ಒಂದೇ. 25ರಲ್ಲಿ ಗೆರೆ ಬಹಳ ಶಾಂತ, ಆದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬ್ರೇಕ್ ಮಾಯ. ಆಯ್ಕೆ ಇರುವುದು 13 ಮತ್ತು 19ರ ನಡುವೆ.

ಅದನ್ನು ತೀರ್ಮಾನಿಸುವುದು ನೀವು ಕೇಳುತ್ತಿರುವ ಪ್ರಶ್ನೆ. ಬಹಳ ತಂಡಗಳು "3 ಮೀ/ಸೆ² ದಾಟಿದ ಸಲಗಳು ಎಷ್ಟು" ಎಂದು ಎಣಿಸುತ್ತವೆ. 1.4 ನಾಯ್ಸ್ ಇದ್ದರೆ, ಏನೂ ಆಗದೆ ಇರುವಾಗಲೂ ನೂರಕ್ಕೆ ಮೂರು ಫ್ರೇಮ್ ಆ ಗೆರೆ ದಾಟುತ್ತವೆ. ಪೂರ್ತಿ ಪಂದ್ಯದಲ್ಲಿ 1,35,000 ಫ್ರೇಮ್ ಇರುತ್ತದೆ, ಅದರಲ್ಲಿ ನಾಲ್ಕು ಸಾವಿರದಷ್ಟು ಫ್ರೇಮ್ ಸುಳ್ಳು. ಅಕ್ಕಪಕ್ಕದವನ್ನು ಒಟ್ಟು ಸೇರಿಸಿ ಒಂದೊಂದು ಘಟನೆ ಎಂದು ಎಣಿಸಿದರೂ ನಿಜವಾದವು ಅದರಲ್ಲಿ ಮುಳುಗಿಹೋಗುತ್ತವೆ. ಎಣಿಕೆಗೆ 19 ಬೇಕು. 0.54 ನಾಯ್ಸಿನಲ್ಲಿ 3ರ ಗೆರೆ ಐದೂವರೆ ಪಟ್ಟು ದೂರ ಇರುತ್ತದೆ, ಸುಳ್ಳು ದಾಟುವಿಕೆ ಇಲ್ಲವೆಂದೇ ಹೇಳಬಹುದು. 6 ಇದ್ದದ್ದು 4.5 ಎಂದು ಕಂಡರೂ ಎಣಿಕೆಗೆ ಸಿಗುತ್ತದೆ. ಆದರೆ ನಿಜವಾಗಿ 3.5 ಇದ್ದದ್ದು 2.6 ಎಂದು ಕಂಡು ತಪ್ಪಿಹೋಗುತ್ತದೆ. ಅದಕ್ಕೇ ಈ ಗೆರೆಯನ್ನು ಬೇರೆಯವರ ವರದಿಯಿಂದ ಹಾಗೇ ಎತ್ತಿಕೊಂಡು ಬಂದರೆ ಕೆಲಸಕ್ಕೆ ಬರುವುದಿಲ್ಲ, ಅವರ ಫಿಲ್ಟರ್ ಬೇರೆ ಇರುತ್ತದೆ.

ವೇಗದ ಕತೆಯೇ ಬೇರೆ. ಗರಿಷ್ಠ ವೇಗದಲ್ಲಿ ಓಡುವಾಗ ವೇಗ ನಿಧಾನವಾಗಿ ಬದಲಾಗುತ್ತದೆ. 9 ಮೀ/ಸೆ ಮುಟ್ಟಿ, ಅದರ ಒಂದು ಸೆಕೆಂಡ್ ಮುಂಚೆ ಮತ್ತು ಒಂದು ಸೆಕೆಂಡ್ ನಂತರ 8.5 ಇದ್ದರೆ, 25 ಫ್ರೇಮಿನ ವಿಂಡೋ ಶಿಖರದಿಂದ ಕದಿಯುವುದು 0.03 ಮೀ/ಸೆ ಅಷ್ಟೇ. ನಾಯ್ಸೂ ಅಷ್ಟೇ ಇರುತ್ತದೆ. ಅದೇ ಏಳು ಫ್ರೇಮಿನಲ್ಲಿ ವೇಗದ ನಾಯ್ಸ್ 0.24 ಮೀ/ಸೆ. "ಗರಿಷ್ಠ" ಅನ್ನುವುದು ಯಾವಾಗಲೂ ಮೇಲಕ್ಕೆ ಹಾರಿದ ನಾಯ್ಸನ್ನೇ ಆರಿಸುತ್ತದೆ. ಹಾಗಾಗಿ ಗಂಟೆಗೆ 32.4 ಕಿ.ಮೀ. ಓಡಿದವನಿಗೆ ಇನ್ನೊಂದು ಕಿ.ಮೀ. ಪುಕ್ಕಟೆ ಸಿಗುತ್ತದೆ. ಹಾಗಾದರೆ ವೇಗಕ್ಕೆ ಒಂದು ವಿಂಡೋ, ವೇಗೋತ್ಕರ್ಷಕ್ಕೆ ಇನ್ನೊಂದು ಇಡಬಹುದಾ? ಇಡಬಹುದು, ನನ್ನ ಪ್ರಕಾರ ಇಡಲೇಬೇಕು. ಮೇಲಿನ ಕೋಡಿನಲ್ಲಿ 25, 19 ಎಂದು ಬೇರೆ ಬೇರೆ ಇರುವುದು ಅದಕ್ಕೇ. ಒಂದೇ ಒಂದು ಎಚ್ಚರ: ಥಟ್ಟನೆ ತಿರುಗುವ ಜಾಗದಲ್ಲಿ vx, vy ಬೇಗ ಬದಲಾಗುತ್ತವೆ. ಅಲ್ಲಿನ ವೇಗವನ್ನೇ ಅಧ್ಯಯನ ಮಾಡುವುದಾದರೆ ವೇಗಕ್ಕೂ ವಿಂಡೋ ಕಿರಿದು ಮಾಡಬೇಕು.

ಬಟರ್‌ವರ್ತ್: ನಡಿಗೆಯ ತಾಳ ಕತ್ತರಿಸಬೇಕಿದ್ದರೆ

ಇಲ್ಲಿಯವರೆಗೆ ನಾಯ್ಸ್ ಪ್ರತಿ ಫ್ರೇಮಿಗೂ ಸ್ವತಂತ್ರ ಎಂದುಕೊಂಡಿದ್ದೆವು. ನಿಜವಾದ ಕ್ಯಾಮೆರಾ ಡೇಟಾ ಅಷ್ಟು ಸಾಧು ಅಲ್ಲ. ಟ್ರ್ಯಾಕರ್ ಆಟಗಾರನ ಸುತ್ತ ಒಂದು ಚೌಕಟ್ಟು ಹಾಕುತ್ತದೆ. ಕಾಲು ಚಾಚಿದಾಗ ಚೌಕಟ್ಟು ಅಗಲ ಆಗುತ್ತದೆ, ಕೂಡಿದಾಗ ಕಿರಿದಾಗುತ್ತದೆ, ಜೊತೆಗೆ ಅದರ ನಡುವಿನ ಬಿಂದು ಹಿಂದೆ ಮುಂದೆ ತೂಗುತ್ತದೆ. ಇದು ಹೆಜ್ಜೆಯ ತಾಳಕ್ಕೆ ಸರಿಯಾಗಿ ಬರುತ್ತದೆ: ಪೂರ್ತಿ ವೇಗದ ಓಟದಲ್ಲಿ ಸೆಕೆಂಡಿಗೆ ನಾಲ್ಕು ಚಿಲ್ಲರೆ ಸಲ, ನಡಿಗೆಯಲ್ಲಿ ಸುಮಾರು ಎರಡು ಸಲ. ದೇಹ ನಿಜವಾಗಿ ಹಾಗೆ ಚಲಿಸಿಲ್ಲ. ನಿಮ್ಮ ಡೇಟಾದಲ್ಲಿ ಇದು ಇದೆಯಾ ಎಂದು ನೋಡಲು, ಒಬ್ಬ ಆಟಗಾರ ನೇರವಾಗಿ ಓಡುತ್ತಿರುವ ತುಣುಕು ತೆಗೆದು ಅದರ ಹಸಿ ವೇಗದ ಆವರ್ತನ ರೋಹಿತ ಹಾಕಿ. ಮೂರು ನಾಲ್ಕು ಹರ್ಟ್ಸಿನ ಹತ್ತಿರ ಗುಡ್ಡೆ ಎದ್ದಿದ್ದರೆ ಅದು ಕಾಲಿನದು.

ಆಗ ಇಷ್ಟು ಹರ್ಟ್ಸಿನ ಮೇಲೆ ಬೇಡ ಎಂದು ನೇರವಾಗಿ ಹೇಳಬಲ್ಲ ಫಿಲ್ಟರ್ ಅನುಕೂಲ. ಬಟರ್‌ವರ್ತ್ ಅದೇ. ಕತ್ತರಿಸುವ ಗೆರೆ ದಾಟಿದ ಮೇಲೆ ಇದು ಏರಿಳಿತ ಇಲ್ಲದೆ ಒಂದೇ ಸಮ ಇಳಿಯುತ್ತದೆ, ನುಸುಳುವ ಕಿಂಡಿ ಇಲ್ಲ. ಅದಕ್ಕೇ ಇಲ್ಲಿ ಮೊದಲು ಸ್ಥಾನ ನಯ ಮಾಡಿ ಆಮೇಲೆ `np.gradient` ಬಳಸಿದರೂ ಅನಾಹುತ ಆಗುವುದಿಲ್ಲ. ಮುಂದಕ್ಕೆ ಒಂದು ಸಲ, ಹಿಂದಕ್ಕೆ ಒಂದು ಸಲ ಓಡಿಸಬೇಕು, ಇಲ್ಲದಿದ್ದರೆ ಎಲ್ಲವೂ ತಡವಾಗಿ ಕಾಣುತ್ತದೆ. ಎರಡು ಸಲ ಓಡಿಸಿದಾಗ ಕತ್ತರಿಸುವ ಗೆರೆ ಕೆಳಗೆ ಸರಿಯುತ್ತದೆ. ಎರಡನೇ ದರ್ಜೆಯ ಫಿಲ್ಟರಿಗೆ ಅದರ ಪರಿಹಾರ 0.802ರಿಂದ ಭಾಗಿಸುವುದು.

```python
import numpy as np
from scipy.signal import butter, sosfiltfilt
fs, fc = 25, 1.0
sos = butter(2, fc/0.802, fs=fs, output='sos')
xs = sosfiltfilt(sos, x)
ax = np.gradient(np.gradient(xs, 1/fs), 1/fs)
```

ನಮ್ಮ ಉದಾಹರಣೆಯಲ್ಲಿ 1 ಹರ್ಟ್ಸಿಗೆ ಕತ್ತರಿಸಿದರೆ ವೇಗೋತ್ಕರ್ಷದ ನಾಯ್ಸ್ 19 ಫ್ರೇಮಿನ ಸವಿಟ್ಸ್ಕಿ-ಗೊಲೇಗಿಂತ ಸ್ವಲ್ಪ ಕಡಿಮೆ, ಸುಮಾರು 0.46. ವಿಂಗರ್‌ನ ಬ್ರೇಕ್ ಸುಮಾರು 4.6 ಎಂದು ಕಾಣುತ್ತದೆ, ಅಲ್ಲಿ 4.5 ಇತ್ತು. 1.5 ಹರ್ಟ್ಸ್ ಇಟ್ಟರೆ ನಾಯ್ಸ್ ಸುಮಾರು 1.2, 13 ಫ್ರೇಮಿನದಕ್ಕೆ ಹತ್ತಿರ. ಅಂದರೆ ಎರಡೂ ಫಿಲ್ಟರ್ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬರುತ್ತವೆ. ಯಾವ ಫಿಲ್ಟರ್ ಅನ್ನುವ ವಾದಕ್ಕಿಂತ ಎಷ್ಟು ಅಗಲ ಅನ್ನುವುದೇ ಉತ್ತರವನ್ನು ಜಾಸ್ತಿ ಬದಲಿಸುತ್ತದೆ.

ಸಣ್ಣ ವ್ಯತ್ಯಾಸ ಎರಡು ಇವೆ. ಬಟರ್‌ವರ್ತ್ ಗಟ್ಟಿ ಬ್ರೇಕಿನ ಎರಡೂ ಬದಿಯಲ್ಲಿ ಸ್ವಲ್ಪ ಉಲ್ಟಾ ಹೋಗುತ್ತದೆ, ಬ್ರೇಕ್ ಹಾಕುವ ಮುಂಚೆ ಆಟಗಾರ ಚೂರು ಜೋರಾದ ಹಾಗೆ ತೋರಿಸುತ್ತದೆ. ಸವಿಟ್ಸ್ಕಿ-ಗೊಲೇಯ `deriv=2` ಎರಡನೇ ಘಾತದಲ್ಲಿ ಹಾಗೆ ಮಾಡುವುದಿಲ್ಲ. ಇನ್ನೊಂದು, ಡೇಟಾದಲ್ಲಿ ಒಂದೇ ಒಂದು `NaN` ಇದ್ದರೂ ಬಟರ್‌ವರ್ತ್ ಆ ಆಟಗಾರನ ಇಡೀ ಸಾಲನ್ನು `NaN` ಮಾಡಿಬಿಡುತ್ತದೆ. ಮುಂದಕ್ಕೆ ಓಡುವಾಗ ಮುಂದಿನದೆಲ್ಲ ಹೋಗುತ್ತದೆ, ಹಿಂದಕ್ಕೆ ಓಡುವಾಗ ಉಳಿದದ್ದೂ ಹೋಗುತ್ತದೆ. ಸವಿಟ್ಸ್ಕಿ-ಗೊಲೇಯಲ್ಲಿ ಹಾನಿ ಆ ವಿಂಡೋ ಮಟ್ಟಿಗೆ ಮಾತ್ರ. ಬದಲಿ ಆಟಗಾರ 60ನೇ ನಿಮಿಷಕ್ಕೆ ಬಂದರೆ ಅದಕ್ಕೆ ಮುಂಚಿನ ಸಾಲೆಲ್ಲ `NaN` ಇರುತ್ತದೆ. ಅದನ್ನು ಕತ್ತರಿಸಿಯೇ ಫಿಲ್ಟರಿಗೆ ಕೊಡಬೇಕು.

ಕಾಲ್ಮನ್: ಡೇಟಾದಲ್ಲಿ ತೂತು ಇದ್ದರೆ ಮಾತ್ರ

ಕಾಲ್ಮನ್ ಫಿಲ್ಟರ್ ಅಂದರೆ ಎಲ್ಲರಿಗೂ ಒಂದು ಗೌರವ. ಮುಂದಿನ ಫ್ರೇಮಿನಲ್ಲಿ ಆಟಗಾರ ಎಲ್ಲಿರಬೇಕು ಎಂದು ಮೊದಲು ಊಹಿಸಿ, ಬಂದ ಅಳತೆ ನೋಡಿ ಆ ಊಹೆಯನ್ನು ತಿದ್ದುವುದು ಅದರ ಕೆಲಸ. ಸ್ಟೇಡಿಯಂ ಕ್ಯಾಮೆರಾಗಳ ಪೂರ್ತಿ ತುಂಬಿದ 25 ಫ್ರೇಮಿನ ಡೇಟಾಕ್ಕೆ ಅದರಿಂದ ವಿಶೇಷ ಲಾಭ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ವಿಂಡೋ ಅಗಲದ ಬದಲು ಆಟಗಾರನ ವೇಗೋತ್ಕರ್ಷ ಎಷ್ಟು ಬೇಗ ಬದಲಾಗಬಹುದು ಅನ್ನುವ ಒಂದು ಸಂಖ್ಯೆ ಆರಿಸಬೇಕು. ಚೌಕಾಸಿ ಅದೇ, ವೇಷ ಬೇರೆ.

ಅದರ ಬೆಲೆ ಗೊತ್ತಾಗುವುದು ಟಿವಿ ಪ್ರಸಾರದಿಂದ ತೆಗೆದ ಡೇಟಾದಲ್ಲಿ. ಅಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಆಟಗಾರ ಚಿತ್ರದಿಂದ ಹೊರಗೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಕಾಲ್ಮನ್ ತೂತಿನ ಒಳಗೂ ಒಂದು ಅಂದಾಜು ಕೊಡುತ್ತದೆ, ಜೊತೆಗೆ ಆ ಅಂದಾಜು ಎಷ್ಟು ಸಡಿಲ ಅಂತಲೂ ಹೇಳುತ್ತದೆ. ಈ ಎರಡನೆಯದೇ ಮುಖ್ಯ. ಅರ್ಧ ಸೆಕೆಂಡ್ ತೂತಿನಲ್ಲಿ ವೇಗ ನಂಬಬಹುದು, ಮೂರು ಸೆಕೆಂಡಿನದರಲ್ಲಿ ನಂಬಬಾರದು ಅನ್ನುವುದನ್ನು ಅಂಕಿಯಲ್ಲೇ ನೋಡಿ, ಮಿತಿ ದಾಟಿದ ಫ್ರೇಮುಗಳನ್ನು ಬಿಡಬಹುದು. ಗುರುತು ಅದಲುಬದಲಾದಾಗಲೂ ಇದೇ ಉಪಾಯ: ಬಂದ ಅಳತೆ ನಿರೀಕ್ಷೆಯಿಂದ ತೀರಾ ದೂರ ಇದ್ದರೆ ಒಪ್ಪಿಕೊಳ್ಳಬೇಡ ಎಂದು ಹೇಳಬಹುದು. ಬಳಸುವುದಾದರೆ ಮುಂದಕ್ಕೆ ಮಾತ್ರ ಓಡಿಸಿ ನಿಲ್ಲಿಸಬೇಡಿ. ಅದು ಹಿಂದಿನದನ್ನಷ್ಟೇ ನೋಡುತ್ತದೆ, ಹಾಗಾಗಿ ಬ್ರೇಕನ್ನು ತಡವಾಗಿ ತೋರಿಸುತ್ತದೆ. ಪಂದ್ಯ ಮುಗಿದ ಮೇಲಿನ ವಿಶ್ಲೇಷಣೆಗೆ ಹಿಂದಕ್ಕೂ ಓಡಿಸುವ `rts_smoother` ಹಂತ ಬೇಕು, `filterpy`ಯಲ್ಲಿ ಅದು ಸಿದ್ಧವಾಗಿ ಸಿಗುತ್ತದೆ. ಪಂದ್ಯ ನಡೆಯುವಾಗಲೇ ಅಂಕಿ ತೋರಿಸಬೇಕಿದ್ದರೆ ಮಾತ್ರ ಮುಂದಕ್ಕೆ ಓಡುವುದೇ ದಾರಿ, ಅಲ್ಲಿ ತಡ ಒಪ್ಪಿಕೊಳ್ಳಲೇಬೇಕು.

ಹಾಗಾದರೆ ಯಾವುದು?

25 ಫ್ರೇಮಿನ ಹಸಿ ಸ್ಟೇಡಿಯಂ ಡೇಟಾ, ನಾಯ್ಸ್ 5 ಸೆಂ.ಮೀ. ಆಸುಪಾಸು, ತೂತು ಕಡಿಮೆ. ಹೀಗಿದ್ದರೆ ನಾನು ಆರಿಸುವುದು ಸವಿಟ್ಸ್ಕಿ-ಗೊಲೇ, ಯಾವಾಗಲೂ `deriv` ಜೊತೆಗೆ. ವೇಗಕ್ಕೆ 25, ವೇಗೋತ್ಕರ್ಷದ ಎಣಿಕೆಗೆ 19. ನಿಮ್ಮ ನಾಯ್ಸ್ 2 ಸೆಂ.ಮೀ. ಎಂದು ಬಂದರೆ ಮೇಲಿನ ನಾಯ್ಸಿನ ಅಂಕಿಯನ್ನೆಲ್ಲ 0.4ರಿಂದ ಗುಣಿಸಿ. ಆಗ 13 ಫ್ರೇಮಿನಲ್ಲೇ 0.56 ಬರುತ್ತದೆ, ಎಣಿಕೆಗೂ ಅಷ್ಟು ಸಾಕು, ಬ್ರೇಕಿನ ಶಿಖರವೂ ಉಳಿಯುತ್ತದೆ. ರೋಹಿತದಲ್ಲಿ ಹೆಜ್ಜೆಯ ಗುಡ್ಡೆ ಎದ್ದು ಕಂಡರೆ ಬಟರ್‌ವರ್ತ್, 1 ಹರ್ಟ್ಸಿನಿಂದ ಶುರು ಮಾಡಿ. ಪ್ರಸಾರದ ಡೇಟಾ ಆದರೆ ಕಾಲ್ಮನ್.

ವಿಂಡೋವನ್ನು ಫ್ರೇಮಿನಲ್ಲಿ ನೆನಪಿಡಬೇಡಿ, ಸೆಕೆಂಡಿನಲ್ಲಿ ನೆನಪಿಡಿ. ಸ್ಕಿಲ್‌ಕಾರ್ನರ್ ಕಂಪನಿ ಟಿವಿ ಪ್ರಸಾರದಿಂದ ತೆಗೆದು ಬಿಡುಗಡೆ ಮಾಡಿರುವ ಮುಕ್ತ ಡೇಟಾ ಸೆಕೆಂಡಿಗೆ 10 ಫ್ರೇಮಿನದು. ಅಲ್ಲಿ 19 ಎಂದು ಹಾಕಿದರೆ ವಿಂಡೋ ಸುಮಾರು ಎರಡು ಸೆಕೆಂಡ್ ಆಗುತ್ತದೆ, ವಿಂಗರ್‌ನ ಬ್ರೇಕಿನ ಶಿಖರದಲ್ಲಿ ಮೂರನೇ ಎರಡು ಭಾಗದಷ್ಟು ಅಳಿಸಿಹೋಗುತ್ತದೆ. 7 ಹಾಕಬೇಕು. ಅದೇ 5 ಸೆಂ.ಮೀ. ನಾಯ್ಸ್ ಇದ್ದರೂ ವೇಗೋತ್ಕರ್ಷದಲ್ಲಿ 1.1 ಮೀ/ಸೆ² ಉಳಿಯುತ್ತದೆ, ಯಾಕೆಂದರೆ ಅಷ್ಟೇ ಸಮಯಕ್ಕೆ ಬಿಂದುಗಳು ಕಡಿಮೆ. ಇನ್ನು ಪ್ರಸಾರದ ಡೇಟಾದಲ್ಲಿ ನಾಯ್ಸೂ ಜಾಸ್ತಿಯೇ ಇರುತ್ತದೆ. ಅಲ್ಲಿ 3 ಮೀ/ಸೆ² ಎಣಿಕೆ ಬಿಟ್ಟು ವೇಗಕ್ಕಷ್ಟೇ ನಿಲ್ಲುವುದು ಒಳ್ಳೆಯದು. ಆಟ ಬದಲಾದರೂ ಇದೇ ಲೆಕ್ಕ. 13 ಮೀಟರ್ ಉದ್ದದ ಕಬಡ್ಡಿ ಅಂಕಣದಲ್ಲಿ ರೈಡರ್ ನುಗ್ಗಿ ವಾಪಸ್ ತಿರುಗುವುದು ಇದಕ್ಕಿಂತ ಚುಟುಕು. ಅಲ್ಲಿ 0.76 ಸೆಕೆಂಡ್ ವಿಂಡೋ ಹೊಂದುವುದಿಲ್ಲ. ಅಷ್ಟು ಕಿರಿದು ಮಾಡಬೇಕಿದ್ದರೆ ಕ್ಯಾಮೆರಾವೇ ಹತ್ತಿರ ಇರಬೇಕು, ಇಲ್ಲವೇ ಫ್ರೇಮ್ ಜಾಸ್ತಿ ಇರಬೇಕು.

ಕೊನೆಗೆ ವೇಗೋತ್ಕರ್ಷದಲ್ಲಿ ಯಾವುದನ್ನು ಎಣಿಸುತ್ತಿದ್ದೀರಿ ಎಂದೂ ನೋಡಿಕೊಳ್ಳಿ. ax, ay ವರ್ಗ ಕೂಡಿಸಿ ತೆಗೆದ ಅಂಕಿಯಲ್ಲಿ ತಿರುವೂ ಸೇರಿರುತ್ತದೆ. 6 ಮೀ/ಸೆ ವೇಗದಲ್ಲಿ 10 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡವನು ಜೋರೂ ಆಗಿಲ್ಲ, ನಿಧಾನವೂ ಆಗಿಲ್ಲ, ಆದರೆ ಲೆಕ್ಕದಲ್ಲಿ 3.6 ಮೀ/ಸೆ² ಬರುತ್ತದೆ. ಬರೀ ಜೋರಾದದ್ದು, ಬ್ರೇಕ್ ಹಾಕಿದ್ದು ಬೇಕಿದ್ದರೆ `(vx*ax + vy*ay)/v` ಬಳಸಬೇಕು. ಇದರಲ್ಲಿ vx, vyಯನ್ನೂ axಗೆ ಬಳಸಿದ ವಿಂಡೋದಿಂದಲೇ ತೆಗೆಯಿರಿ, ಇಲ್ಲದಿದ್ದರೆ ದಿಕ್ಕು ಹೊಂದುವುದಿಲ್ಲ. ವೇಗ 0.5 ಮೀ/ಸೆಗಿಂತ ಕಡಿಮೆ ಇರುವ ಫ್ರೇಮುಗಳನ್ನು ಬಿಟ್ಟುಬಿಡಿ. ನಿಂತವನ ದಿಕ್ಕು ಬರೀ ನಾಯ್ಸ್, ಅಲ್ಲಿ ಈ ಸೂತ್ರ ಯಾವ ಅಂಕಿಯನ್ನಾದರೂ ಕೊಡಬಹುದು.